ಕನ್ನಡಿಯ ಮುಖ, ಫೋಟೊದ ಮುಖ

ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುವ ಮುಖ ಫೋಟೊದಲ್ಲಿ ಬೇರೆ ಯಾರದೋ ಎಂಬಂತೆ ಬರುವುದು ಹೆಚ್ಚುಕಡಿಮೆ ಎಲ್ಲರ ಅನುಭವ. ಮೂಗು ದಪ್ಪ, ಒಂದು ಕಣ್ಣು ಸಣ್ಣದು, ಬಾಯಿ ಸೊಟ್ಟ ಎಂಬ ದೂರುಗಳು ಸಾಮಾನ್ಯ. ಇವೆರಡರಲ್ಲಿ ಯಾವುದು ಸುಳ್ಳು ಹೇಳುತ್ತಿದೆ ಎಂದು ಕೇಳುವವರೇ ಹೆಚ್ಚು. ಎರಡೂ ಸುಳ್ಳು ಹೇಳುವುದಿಲ್ಲ. ಆದರೆ ಎರಡೂ ಬೇರೆ ಬೇರೆ ದೂರದಿಂದ, ಬೇರೆ ಬೇರೆ ದಿಕ್ಕಿನಲ್ಲಿ, ಬೇರೆ ಬೇರೆ ಬೆಳಕಿನಲ್ಲಿ ನೋಡಿದ ಮುಖಗಳು. ಈ ಕಾರಣಗಳಲ್ಲಿ ಜನರ ಬಾಯಲ್ಲಿ ಮೊದಲು ಬರುವುದು ಕನ್ನಡಿಯ ಎಡ-ಬಲ ಅದಲುಬದಲು. ಅಳತೆಗೆ ಹಚ್ಚಿ ನೋಡಿದರೆ, ಅದರಲ್ಲೂ ಮೊಬೈಲ್ ಸೆಲ್ಫಿಯ ವಿಷಯದಲ್ಲಿ, ಅದಕ್ಕಿಂತ ದೊಡ್ಡ ಕಾರಣ ದೂರ.

ದೂರದ ಲೆಕ್ಕ

ಸಮತಟ್ಟಾದ ಕನ್ನಡಿಯ ಮುಂದೆ 60 ಸೆಂ.ಮೀ. ದೂರದಲ್ಲಿ ನಿಂತರೆ ಪ್ರತಿಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿರುತ್ತದೆ. ಅಂದರೆ ನಮ್ಮ ಕಣ್ಣಿಗೂ ಆ ಮುಖಕ್ಕೂ ನಡುವೆ 120 ಸೆಂ.ಮೀ. ಅಂತರವಿದೆ. ಇದನ್ನು ಸ್ನಾನದ ಮನೆಯಲ್ಲೇ ಪರೀಕ್ಷಿಸಬಹುದು. ಬಿಸಿನೀರಿನ ಹಬೆ ಕಟ್ಟಿದ ಕನ್ನಡಿಯ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ಗಾಜಿನ ಮೇಲೆ ಕಾಣುವ ಮುಖದ ಅಂಚನ್ನು ಬೆರಳಿನಿಂದ ಬರೆಯಿರಿ. ಆಮೇಲೆ ಆ ಗೆರೆಯನ್ನು ಗೇಣಿನಿಂದ ಅಳೆದರೆ ಅದು ನಿಜವಾದ ಮುಖದ ಅರ್ಧ ಅಳತೆಯಷ್ಟೇ ಇರುತ್ತದೆ. ಹಿಂದೆ ಸರಿದು ಬರೆದರೂ ಅರ್ಧವೇ, ಮುಂದೆ ಬಂದು ಬರೆದರೂ ಅರ್ಧವೇ. ಕಲೆಯ ಇತಿಹಾಸಕಾರ ಅರ್ನ್‌ಸ್ಟ್ ಗಾಂಬ್ರಿಕ್ 1960ರಲ್ಲಿ ಈ ಪ್ರಯೋಗವನ್ನು ಬರೆದಿದ್ದರು. ಮೊದಲ ಸಲ ಕೇಳಿದವರು ನಂಬುವುದಿಲ್ಲ. ದಿನವೂ ನೋಡುವ ಕನ್ನಡಿಯಲ್ಲಿ ಮುಖ ಪೂರ್ಣ ಗಾತ್ರದಲ್ಲಿದೆ ಎಂದೇ ಎಲ್ಲರ ಭಾವನೆ. ಕನ್ನಡಿಯ ಮುಖ ನಾವು ಅಂದುಕೊಂಡದ್ದಕ್ಕಿಂತ ದೂರದ ಮುಖ ಎಂಬುದು ಇದರ ಅರ್ಥ.

ಇನ್ನು ಸೆಲ್ಫಿ. ಮೊಬೈಲನ್ನು ಮೊಣಕೈ ಮಡಚಿ ಹಿಡಿದರೆ ಕ್ಯಾಮೆರಾ ಮೂಗಿನ ತುದಿಯಿಂದ ಸುಮಾರು 30 ಸೆಂ.ಮೀ. ದೂರದಲ್ಲಿರುತ್ತದೆ. ಮುಖ ಚಪ್ಪಟೆ ಹಲಗೆಯಲ್ಲ. ಮೂಗಿನ ತುದಿಗೂ ಕಿವಿಗೂ ನಡುವೆ ಹಿಂದು-ಮುಂದಿನ ಆಳ ಸುಮಾರು 12 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣುವುದು ದೂರದ ಅನುಪಾತಕ್ಕೆ ತಕ್ಕಂತೆ. ಸೆಲ್ಫಿಯಲ್ಲಿ ಮೂಗು 30 ಸೆಂ.ಮೀ., ಕಿವಿ 42 ಸೆಂ.ಮೀ. 42ನ್ನು 30ರಿಂದ ಭಾಗಿಸಿದರೆ 1.4. ಅಂದರೆ ಕಿವಿಗೆ ಹೋಲಿಸಿದರೆ ಮೂಗಿನ ತುದಿ ಇರಬೇಕಾದ್ದಕ್ಕಿಂತ ಶೇಕಡಾ 40ರಷ್ಟು ಹಿಗ್ಗಿರುತ್ತದೆ. ಕನ್ನಡಿಯಲ್ಲಿ ಮೂಗು 120, ಕಿವಿ 132. ಅನುಪಾತ 1.1, ಹಿಗ್ಗಿದ್ದು ಶೇಕಡಾ 10 ಮಾತ್ರ. ಸ್ಟುಡಿಯೊದವರು ಒಂದೂವರೆ ಮೀಟರ್ ದೂರ ನಿಂತು ತೆಗೆದರೆ 162ನ್ನು 150ರಿಂದ ಭಾಗಿಸಬೇಕು. ಅಲ್ಲಿ ಹಿಗ್ಗು ಶೇಕಡಾ 8.

ಈ ಮೂರು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅರ್ಧ ಗೊಂದಲ ಬಗೆಹರಿಯುತ್ತದೆ. ಕನ್ನಡಿಗೂ ಸ್ಟುಡಿಯೊ ಫೋಟೊಗೂ ಆಕಾರದಲ್ಲಿ ಅಂಥ ಭೇದವೇನಿಲ್ಲ. ಜೊತೆಗೆ ಸೇರದೆ ಹೊರಗೆ ನಿಂತಿರುವುದು ಸೆಲ್ಫಿ. ಕನ್ನಡಿಯ ಮುಖಕ್ಕಿಂತ ಅದರಲ್ಲಿ ಮೂಗು ಕಿವಿಯ ಲೆಕ್ಕದಲ್ಲಿ ಕಾಲುಭಾಗಕ್ಕೂ ಮಿಗಿಲಾಗಿ ಉಬ್ಬಿರುತ್ತದೆ. ‘ಫೋಟೊದಲ್ಲಿ ನಾನು ಚೆನ್ನಾಗಿ ಬರುವುದಿಲ್ಲ’ ಎನ್ನುವವರು ಎಷ್ಟೋ ಸಲ ಹೇಳುತ್ತಿರುವುದು ‘ಸೆಲ್ಫಿಯಲ್ಲಿ ಚೆನ್ನಾಗಿ ಬರುವುದಿಲ್ಲ’ ಎಂದು.

ಅಮೆರಿಕದ ಶಸ್ತ್ರವೈದ್ಯ ಬೋರಿಸ್ ಪಾಸ್ಕೋವರ್ ಮತ್ತು ಸಂಗಡಿಗರು 2018ರಲ್ಲಿ ಇದನ್ನೇ ಗಣಿತದ ಮಾದರಿಯಿಂದ ಲೆಕ್ಕ ಹಾಕಿ ಪ್ರಕಟಿಸಿದರು. 12 ಅಂಗುಲದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಬುಡ 5 ಅಡಿಯಿಂದ ತೆಗೆದ ಫೋಟೊಗಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಸೆಲ್ಫಿ ತೋರಿಸಿ ಮೂಗು ಸಣ್ಣದು ಮಾಡಿ ಎಂದು ಕೇಳಿಕೊಂಡು ಬರುವವರು ಹೆಚ್ಚಾದದ್ದೇ ಈ ಲೆಕ್ಕಕ್ಕೆ ಪ್ರೇರಣೆ.

ತಪ್ಪು ಲೆನ್ಸ್‌ನದು ಎಂಬ ಮಾತು ಫೋಟೊ ತೆಗೆಯುವವರಲ್ಲೂ ಚಾಲ್ತಿಯಲ್ಲಿದೆ. ಅದು ಪೂರ್ತಿ ಸರಿಯಲ್ಲ. ಮೂಗು-ಕಿವಿಯ ಅನುಪಾತವನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಜಾಗ ಮಾತ್ರ. ಅಗಲ ನೋಟದ ಲೆನ್ಸ್ ಇದ್ದರೆ ಮುಖ ಚೌಕಟ್ಟು ತುಂಬಲೆಂದು ನಾವು ಹತ್ತಿರ ಹೋಗುತ್ತೇವೆ, ಹತ್ತಿರ ಹೋದದ್ದರಿಂದ ಮೂಗು ಉಬ್ಬುತ್ತದೆ. ಅದೇ ಲೆನ್ಸ್‌ನಿಂದ ಒಂದೂವರೆ ಮೀಟರ್ ದೂರದಲ್ಲಿ ತೆಗೆದು, ಮುಖದ ಭಾಗವನ್ನಷ್ಟೇ ಕತ್ತರಿಸಿಕೊಂಡರೆ ಅನುಪಾತ ಸ್ಟುಡಿಯೊದ ಫೋಟೊದಂತೆಯೇ ಇರುತ್ತದೆ. ಲೆನ್ಸ್‌ನದೇ ದೋಷ ಎನ್ನಬಹುದಾದ ಸಂದರ್ಭ ಒಂದುಂಟು. ಮದುವೆಮನೆಯ ಗುಂಪು ಫೋಟೊದಲ್ಲಿ ಸಾಲಿನ ಕೊನೆಯಲ್ಲಿ ನಿಂತವರ ಮುಖ ಅಡ್ಡಕ್ಕೆ ಎಳೆದಂತಾಗಿರುತ್ತದೆ. ಅಗಲ ನೋಟದ ಲೆನ್ಸ್‌ಗಳು ಚೌಕಟ್ಟಿನ ಅಂಚಿನಲ್ಲಿರುವುದನ್ನು ಹೀಗೆ ಹಿಗ್ಗಿಸುತ್ತವೆ. ಅಲ್ಲಿ ದಪ್ಪ ಕಂಡೆನೆಂದು ಕೊರಗುವುದು ದಂಡ.

ಹಾಗಾದರೆ ಎದುರಿಗೆ ಕೂತು ಮಾತಾಡುವವರ ಮೂಗು ನಮಗೆ ಯಾಕೆ ಉಬ್ಬಿ ಕಾಣುವುದಿಲ್ಲ? ಎದುರಿಗಿರುವವರು ಎಷ್ಟು ಹತ್ತಿರ ಎಂಬುದು ಎರಡು ಕಣ್ಣುಗಳಿಗೂ ಗೊತ್ತಿರುತ್ತದೆ, ಮಿದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮುಖವನ್ನು ಓದುತ್ತದೆ. ಫೋಟೊದಲ್ಲಿ ಆ ಸುಳಿವು ಇಲ್ಲ. ಒಂದಡಿ ದೂರದಿಂದ ತೆಗೆದ ಮುಖವನ್ನು ಮೊಬೈಲ್ ಪರದೆಯಲ್ಲಿ ಕಿರಿದಾಗಿ ನೋಡುವಾಗ, ಇದು ಆರಾಮವಾಗಿ ನಾಲ್ಕೈದು ಅಡಿ ದೂರದಲ್ಲಿರುವ ಮನುಷ್ಯ ಎಂದು ಮಿದುಳು ಭಾವಿಸುತ್ತದೆ. ಆ ದೂರಕ್ಕೆ ಈ ಮೂಗು ದೊಡ್ಡದಾಯಿತು ಎಂದು ತೀರ್ಪು ಕೊಡುತ್ತದೆ. ಈ ತೀರ್ಪು ಅಂದಕ್ಕೆ ಮಾತ್ರ ಸೀಮಿತವಲ್ಲ. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು 2012ರಲ್ಲಿ ಒಂದೇ ಮುಖವನ್ನು 45 ಸೆಂ.ಮೀ. ಮತ್ತು 135 ಸೆಂ.ಮೀ. ದೂರದಿಂದ ತೆಗೆದು ಜನರಿಗೆ ತೋರಿಸಿದಾಗ, ಹತ್ತಿರದ ಫೋಟೊದಲ್ಲಿದ್ದವರನ್ನು ನೋಡುಗರು ಕಡಿಮೆ ಆಕರ್ಷಕರೆಂದಷ್ಟೇ ಅಲ್ಲ, ಕಡಿಮೆ ನಂಬಿಗಸ್ತರೆಂದೂ ಕಡಿಮೆ ಸಮರ್ಥರೆಂದೂ ಎಣಿಸಿದರು.

ಯಾವುದೇ ಫೋಟೊ ಎಷ್ಟು ಹತ್ತಿರದಿಂದ ತೆಗೆದದ್ದು ಎಂದು ತಿಳಿಯಲು ಸುಲಭದ ಗುರುತು ಕಿವಿ. ನೇರ ಮುಖದ ಫೋಟೊದಲ್ಲಿ ಕಿವಿಗಳು ಕೆನ್ನೆಯ ಹಿಂದೆ ಅಡಗಿ ಹೋಗಿದ್ದರೆ ಕ್ಯಾಮೆರಾ ತೀರಾ ಹತ್ತಿರವಿತ್ತು. ದೂರ ಹೋದಷ್ಟೂ ಕಿವಿಗಳು ಹೊರಗೆ ಬರುತ್ತವೆ.

ಎಡ-ಬಲ

ಕನ್ನಡಿ ಅಡ್ಡಕ್ಕೆ ಏನನ್ನೂ ತಿರುಗಿಸುವುದಿಲ್ಲ. ಬಲಗೈ ಎತ್ತಿದರೆ ಬಲಬದಿಯ ಕೈಯೇ ಮೇಲೇಳುತ್ತದೆ. ಅದು ತಿರುಗಿಸುವುದು ಹಿಂದು-ಮುಂದನ್ನು. ಆದರೆ ಎದುರಿಗೆ ನಿಂತ ಮನುಷ್ಯ ಎಂದು ನಾವು ಅದನ್ನು ಓದುವುದರಿಂದ ಬೈತಲೆ, ಮೂಗುಬೊಟ್ಟು, ಮಚ್ಚೆ ಎಲ್ಲ ಬದಿ ಬದಲಿಸಿದಂತೆ ಕಾಣುತ್ತವೆ. ಊರೆಲ್ಲ ನೋಡುವುದು ಮೂಗುಬೊಟ್ಟು ಬಲಹೊಳ್ಳೆಯಲ್ಲಿರುವ ಹೆಂಗಸನ್ನು. ಆಕೆ ಕನ್ನಡಿಯಲ್ಲಿ ಜೀವಮಾನವಿಡೀ ನೋಡಿದ್ದು ಎಡಹೊಳ್ಳೆಯಲ್ಲಿ ಬೊಟ್ಟಿರುವ ಇನ್ನೊಬ್ಬಳನ್ನು.

ಮುಖಗಳ ಎರಡು ಪಾಲು ಯಾರಲ್ಲೂ ಒಂದೇ ತೆರನಾಗಿಲ್ಲ. ಒಂದು ಹುಬ್ಬು ತುಸು ಮೇಲೆ, ಮೂಗು ಕೂದಲೆಳೆಯಷ್ಟು ಒಂದು ಕಡೆಗೆ. ಕನ್ನಡಿ ನೋಡಿ ನೋಡಿ ಆ ವಾಲು ಕಣ್ಣಿಗೆ ರೂಢಿಯಾಗಿ, ಅದೇ ನೇರ ಎನಿಸಿಬಿಟ್ಟಿರುತ್ತದೆ. ಫೋಟೊದಲ್ಲಿ ಅದು ವಿರುದ್ಧ ದಿಕ್ಕಿಗೆ ಬಂದಾಗ ಕಣ್ಣಿಗೆ ತಟ್ಟುವುದು ಇರುವುದರ ಎರಡರಷ್ಟು. ನಡುಗೆರೆಯಿಂದ 2 ಮಿ.ಮೀ. ಸರಿದ ಮೂಗಿನ ತುದಿ ಕನ್ನಡಿಗೂ ಫೋಟೊಗೂ ನಡುವೆ 4 ಮಿ.ಮೀ. ಜಿಗಿದಿರುತ್ತದೆ. ಬೇರೆಯವರಿಗೆ ಈ ಜಿಗಿತವೇ ಇಲ್ಲ, ಅವರು ಒಂದೇ ಬದಿಯ ಮುಖವನ್ನು ನೋಡುತ್ತ ಬಂದವರು. ‘ನನ್ನ ಬಾಯಿ ಸೊಟ್ಟವಾಗಿದೆ’ ಎಂದರೆ ಮನೆಯವರು ‘ಎಲ್ಲಿ?’ ಎಂದು ಕೇಳುವುದು ಸಮಾಧಾನದ ಮಾತಲ್ಲ, ಅವರಿಗೆ ನಿಜವಾಗಿಯೂ ಕಾಣುವುದಿಲ್ಲ.

ಇದನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಪರೀಕ್ಷಿಸಿದ್ದಾರೆ. ಪದೇ ಪದೇ ಕಂಡದ್ದು ಕಂಡ ಕಾರಣಕ್ಕೇ ಹಿತವಾಗುತ್ತದೆ ಎಂದು 1968ರಲ್ಲಿ ರಾಬರ್ಟ್ ಜಯಾನ್ಸ್ ತೋರಿಸಿದ್ದರು. 1977ರಲ್ಲಿ ಮೀಟಾ, ಡರ್ಮರ್ ಮತ್ತು ನೈಟ್ ಎಂಬ ಮೂವರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅದನ್ನು ಮುಖಕ್ಕೆ ಅನ್ವಯಿಸಿ ನೋಡಿದರು. ಯುವತಿಯರ ಫೋಟೊ ತೆಗೆದು, ಅದರದೇ ಎಡ-ಬಲ ತಿರುಗಿಸಿದ ಇನ್ನೊಂದು ಪ್ರತಿ ಮಾಡಿ, ಎರಡನ್ನೂ ಅವರಿಗೂ ಅವರ ಆಪ್ತರಿಗೂ ತೋರಿಸಿದರು. ಫೋಟೊದಲ್ಲಿದ್ದವರಲ್ಲಿ ಹೆಚ್ಚಿನವರು ಕನ್ನಡಿಯ ಮುಖಕ್ಕೆ ಹೊಂದುವ ತಿರುಗಿಸಿದ ಪ್ರತಿಯನ್ನು ಮೆಚ್ಚಿದರು. ಆಪ್ತರಲ್ಲಿ ಹೆಚ್ಚಿನವರು ನೇರ ಪ್ರತಿಯನ್ನು ಮೆಚ್ಚಿದರು. ಎಲ್ಲರೂ ಹಾಗೆ ಆರಿಸಲಿಲ್ಲ ಎಂಬುದನ್ನೂ ನೆನಪಿಡಬೇಕು. ಇದು ಒಲವು, ನಿಯಮವಲ್ಲ.

ಮೊಬೈಲ್ ಈ ಗೊಂದಲಕ್ಕೆ ಹೊಸದೊಂದನ್ನು ಸೇರಿಸಿದೆ. ಮುಂಭಾಗದ ಕ್ಯಾಮೆರಾ ತೆರೆದಾಗ ಪರದೆಯಲ್ಲಿ ಕಾಣುವುದು ಕನ್ನಡಿಯ ಮುಖ. ಗುಂಡಿ ಒತ್ತಿದ ಮೇಲೆ ಅನೇಕ ಫೋನ್‌ಗಳು ಉಳಿಸುವುದು ನೇರ ಮುಖ. ಕ್ಷಣಾರ್ಧದಲ್ಲಿ ಹುಬ್ಬು, ಬೈತಲೆ ಬದಿ ಬದಲಿಸುತ್ತವೆ, ‘ಅಯ್ಯೋ, ಇದೇನಿದು’ ಎನಿಸುತ್ತದೆ. ಐಫೋನ್‌ನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ Mirror Front Camera ಎಂಬ ಆಯ್ಕೆ ಇದಕ್ಕಾಗಿಯೇ ಇದೆ, ಉಳಿದ ಫೋನ್‌ಗಳಲ್ಲೂ ಇಂಥದ್ದೇ ಒಂದು ಇರುತ್ತದೆ. ವಿಡಿಯೊ ಕಾಲ್‌ನಲ್ಲಿ ನಮಗೆ ಸಾಮಾನ್ಯವಾಗಿ ಕನ್ನಡಿಯ ಮುಖ ಕಂಡರೂ ಆ ಕಡೆಯವರಿಗೆ ಹೋಗುವುದು ನೇರ ಮುಖವೇ.

ತಿರುಗಿಸದ ಮುಖವನ್ನು ಕನ್ನಡಿಯಲ್ಲೇ ನೋಡುವ ಉಪಾಯವೂ ಇದೆ. ಎರಡು ಕನ್ನಡಿಗಳನ್ನು ಪುಸ್ತಕ ಅರ್ಧ ತೆರೆದಂತೆ ಸರಿಯಾಗಿ 90 ಡಿಗ್ರಿಗೆ ನಿಲ್ಲಿಸಿ, ಕೂಡುಗೆರೆಗೆ ಎದುರಾಗಿ ನಿಂತರೆ ಬೆಳಕು ಎರಡು ಸಲ ಪ್ರತಿಫಲಿಸಿ ಬರುತ್ತದೆ. ಅಲ್ಲಿ ಕಾಣುವುದು ಊರವರು ನೋಡುವ ಮುಖ. ಕೋನ ಸ್ವಲ್ಪ ತಪ್ಪಿದರೂ ಮೂಗು ಎರಡಾಗುತ್ತದೆ ಅಥವಾ ಮಾಯವಾಗುತ್ತದೆ. ಅದರ ಮುಂದೆ ನಿಂತು ತಲೆ ಬಾಚಲು ಹೋದರೆ ಬಾಚಣಿಗೆ ತಪ್ಪು ಬದಿಗೇ ಹೋಗುವುದು.

ಬೆಳಕು ಮತ್ತು ನಿಂತ ಕ್ಷಣ

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಕಣ್ಣ ಕೆಳಗೆ ಕಪ್ಪು ತರುತ್ತದೆ, ನೇರ ಫ್ಲಾಶ್ ಮುಖದ ಉಬ್ಬುತಗ್ಗುಗಳನ್ನು ಅಳಿಸಿ ಹಣೆಯ ಜಿಡ್ಡನ್ನು ಮಿನುಗಿಸುತ್ತದೆ, ಕಿಟಕಿಯ ಬೆಳಕು ಎರಡನ್ನೂ ಮಾಡುವುದಿಲ್ಲ. ಆಧಾರ್ ಕಾರ್ಡಿನ ಫೋಟೊ ಊರೆಲ್ಲ ನಗೆಯ ವಸ್ತುವಾಗಿರುವುದಕ್ಕೂ ಹೆಚ್ಚಿನ ಕಾರಣ ಬೇಕಿಲ್ಲ: ಮೇಜಿನ ಮೇಲಿನ ವೆಬ್‌ಕ್ಯಾಮ್, ನೆತ್ತಿಯ ದೀಪ, ಎರಡು ನಿಮಿಷದಲ್ಲಿ ಮುಂದಿನವರನ್ನು ಕರೆಯುವ ಅವಸರ. ಫೋನಿನ ಬ್ಯೂಟಿ ಮೋಡ್ ತದ್ವಿರುದ್ಧವಾದ ತಪ್ಪು ಮಾಡುತ್ತದೆ. ಚರ್ಮ ನಯವಾಗಿಸಿ, ಬಣ್ಣ ತಿಳಿಯಾಗಿಸಿ ಉಳಿಸುತ್ತದೆ. ಎಷ್ಟೋ ಜನಕ್ಕೆ ಅದು ಚಾಲೂ ಇರುವುದೇ ಗೊತ್ತಿರುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಚಲನೆ. ಕನ್ನಡಿಯ ಮುಂದೆ ಮುಖ ಸುಮ್ಮನಿರುವುದಿಲ್ಲ. ಒಪ್ಪುವ ಕೋನ ಸಿಗುವವರೆಗೆ ಗದ್ದ ಇಳಿಸಿ, ಹುಬ್ಬು ಎತ್ತಿ, ನಮಗೆ ಗೊತ್ತಿಲ್ಲದೆಯೇ ತಿದ್ದಿಕೊಳ್ಳುತ್ತಿರುತ್ತೇವೆ. ಫೋಟೊ ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಹೊತ್ತನ್ನು ಹಿಡಿಯುತ್ತದೆ. ಅರ್ಧ ಮುಚ್ಚಿದ ರೆಪ್ಪೆ, ‘ಪ’ ಎನ್ನಲು ಹೊರಟ ತುಟಿ ಅದರಲ್ಲಿ ಸಿಕ್ಕಿಬೀಳುತ್ತವೆ. ಮಾತಾಡುವ ಮುಖದಲ್ಲಿ ಇವನ್ನು ಯಾರೂ ಕಾಣುವುದಿಲ್ಲ. ಮಾತಾಡುತ್ತಿರುವವರ ವಿಡಿಯೊವನ್ನೂ ಅದೇ ವಿಡಿಯೊದಿಂದ ತೆಗೆದ ಬಿಡಿ ಚಿತ್ರಗಳನ್ನೂ ಹೋಲಿಸಿದ 2012ರ ಅಧ್ಯಯನವೊಂದರಲ್ಲಿ ನೋಡುಗರು ವಿಡಿಯೊದ ಮುಖವೇ ಹೆಚ್ಚು ಚೆನ್ನಾಗಿದೆ ಎಂದರು.

ಬಿಡಿ ಚಿತ್ರಗಳು ತಮ್ಮತಮ್ಮಲ್ಲೇ ಎಷ್ಟು ಭಿನ್ನ ಎಂಬುದಕ್ಕೆ ಇನ್ನೊಂದು ಪ್ರಯೋಗ ಸಾಕ್ಷಿ. ರಾಬ್ ಜೆಂಕಿನ್ಸ್ ಮತ್ತು ಸಂಗಡಿಗರು 2011ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಪ್ರಸಿದ್ಧರ ತಲಾ 20 ಫೋಟೊಗಳನ್ನು ಕಲಸಿ, ಅವರ ಪರಿಚಯವಿಲ್ಲದ ಬ್ರಿಟನ್ನಿನವರ ಕೈಗೆ ಕೊಟ್ಟು, ಒಬ್ಬೊಬ್ಬರ ಫೋಟೊ ಒಂದೊಂದು ಗುಂಪು ಮಾಡಿ ಎಂದರು. ಇರುವುದು ಇಬ್ಬರೇ ಎಂದು ಹೇಳಲಿಲ್ಲ. ಅನೇಕರು ಏಳೆಂಟು ಗುಂಪು ಮಾಡಿದರು, ಅಂದರೆ ಏಳೆಂಟು ಜನರಿದ್ದಾರೆ ಎಂದುಕೊಂಡರು. ಆ ಮುಖಗಳನ್ನು ಬಲ್ಲ ಡಚ್ಚರು ಸಲೀಸಾಗಿ ಎರಡೇ ಗುಂಪು ಮಾಡಿದರು. ಒಂದು ಫೋಟೊ ನೋಡಿ ‘ನಾನು ಇರುವುದೇ ಹೀಗೆ’ ಎಂದು ನಿರ್ಧರಿಸುವವರು ಆ ಬ್ರಿಟನ್ನಿನವರ ಸ್ಥಾನದಲ್ಲಿ ನಿಂತಿರುತ್ತಾರೆ.

ಮನಸ್ಸಿನಲ್ಲಿರುವ ಮುಖ

ಕನ್ನಡಿ, ಫೋಟೊಗಳ ಜೊತೆಗೆ ಮೂರನೆಯದೊಂದು ಮುಖವಿದೆ: ನಾನು ಹೀಗಿದ್ದೇನೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡದ್ದು. ನಿಕೊಲಸ್ ಎಪ್ಲಿ ಮತ್ತು ಎರಿನ್ ವಿಟ್‌ಚರ್ಚ್ 2008ರಲ್ಲಿ ಜನರ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಹಂತಹಂತವಾಗಿ ಸುಂದರವಾದ ಮುಖದ ಕಡೆಗೂ ಕುರೂಪದ ಕಡೆಗೂ ಬೆರೆಸಿ, ಇವುಗಳಲ್ಲಿ ನಿಮ್ಮ ನಿಜವಾದ ಫೋಟೊ ಯಾವುದು ಎಂದು ಅವರನ್ನೇ ಕೇಳಿದರು. ಹೆಚ್ಚಿನವರು ಬೆರಳಿಟ್ಟಿದ್ದು ಸ್ವಲ್ಪ ಚೆಂದ ಮಾಡಿದ ಫೋಟೊದ ಮೇಲೆ. ನಿರಾಸೆಗೆ ಒಂದು ಪಾಲು ಕಾರಣ ಕ್ಯಾಮೆರಾ ಅಲ್ಲ, ನಮ್ಮ ಲೆಕ್ಕವೇ ಎಂಬುದನ್ನು ಒಪ್ಪಬೇಕಾಗುತ್ತದೆ.

ಇದರಿಂದ ಹುಟ್ಟುವ ತೊಡಕೆಂದರೆ, ತನ್ನ ಫೋಟೊಗಳಲ್ಲಿ ತನಗೆ ಹೋಲುವುದು ಯಾವುದು ಎಂದು ಹೇಳಲು ತಾನೇ ಅಷ್ಟು ಯೋಗ್ಯನಲ್ಲ. ಆಸ್ಟ್ರೇಲಿಯಾದ ಡೇವಿಡ್ ವೈಟ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಚೆನ್ನಾಗಿ ಹೋಲುವ ಫೋಟೊಗಳನ್ನು ಜನ ತಾವೇ ಆರಿಸಿದರು. ಅದೇ ಫೋಟೊಗಳನ್ನು, ಅವರ ಪುಟ್ಟ ವಿಡಿಯೊ ತುಣುಕು ನೋಡಿದ ಅಪರಿಚಿತರೂ ಆರಿಸಿದರು. ಆಮೇಲೆ ಗುರುತು ಹಿಡಿಯುವ ಪರೀಕ್ಷೆಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅಪರಿಚಿತರು ಆರಿಸಿದವು.

ನ್ಯಾಯವಾಗಿ ನೋಡುವ ಬಗೆ

ಮೇಲಿನದೆಲ್ಲ ಒಪ್ಪಿದರೆ ಮಾಡಬೇಕಾದ್ದು ತಾನಾಗಿಯೇ ತಿಳಿಯುತ್ತದೆ. ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಕಪಾಟಿನ ಮೇಲೋ ಸ್ಟ್ಯಾಂಡ್ ಮೇಲೋ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ, ಅದರಿಂದ ಒಂದೂವರೆ ಮೀಟರ್, ಅಂದರೆ ಸುಮಾರು 5 ಅಡಿ ದೂರ ಹೋಗಿ. ಹಿಂಭಾಗದ ಕ್ಯಾಮೆರಾ ಬಳಸಿ. 2x ಇದ್ದರೆ ಅದನ್ನು, ಇಲ್ಲದಿದ್ದರೆ ಮಾಮೂಲಿನದನ್ನೇ ಬಳಸಿ ಆಮೇಲೆ ಕತ್ತರಿಸಿಕೊಳ್ಳಿ. 0.5x ಮಾತ್ರ ಬೇಡ. ಮುಖ ಚೌಕಟ್ಟಿನ ನಡುವೆ ಇರಲಿ. ಬ್ಯೂಟಿ ಮೋಡ್ ಆಫ್ ಮಾಡಿ. ಹಗಲಿನಲ್ಲಿ ಕಿಟಕಿಗೆ ಮುಖ ಮಾಡಿ ತುಸು ಓರೆಯಾಗಿ ನಿಲ್ಲಿ, ಬಿಸಿಲು ನೇರವಾಗಿ ಬೀಳದಿರಲಿ.

ಫೋಟೊ ಬದಲು ಅರ್ಧ ನಿಮಿಷದ ವಿಡಿಯೊ ತೆಗೆಯುವುದು ಮೇಲು. ಕ್ಯಾಮೆರಾ ಮರೆತು ಮನೆಯವರೊಬ್ಬರ ಜೊತೆ ಏನಾದರೂ ಮಾತಾಡಿ. ಆಮೇಲೆ ವಿಡಿಯೊವನ್ನು ನಿಲ್ಲಿಸದೆ ನೋಡಿ. ಮಧ್ಯೆ ತಡೆದು ಬಿಡಿ ಚಿತ್ರ ಹೆಕ್ಕಲು ಹೊರಟರೆ ಮತ್ತೆ ಅದೇ ಹಳೆಯ ತಪ್ಪಾಗುತ್ತದೆ.

ಅದರಲ್ಲೂ ಏನೋ ಸರಿಯಿಲ್ಲ ಎನಿಸಿದರೆ, ಒಂದು ಬಿಡಿ ಚಿತ್ರವನ್ನು ಫೋನಿನಲ್ಲೇ ಎಡ-ಬಲ ತಿರುಗಿಸಿ ನೋಡಿ. ತಿರುಗಿಸಿದ ಕೂಡಲೇ ತೊಂದರೆ ಮಾಯವಾದರೆ ಅದು ಮುಖದ್ದಲ್ಲ, ರೂಢಿಯದು. ಎರಡರಲ್ಲೂ ಒಂದೇ ತೆರನಾಗಿ ಕಂಡರೆ ಅದು ಮುಖದಲ್ಲಿ ನಿಜವಾಗಿಯೂ ಇದೆ, ನಿಮ್ಮನ್ನು ಬಲ್ಲವರೆಲ್ಲ ಅದನ್ನು ನೋಡಿಕೊಂಡೇ ಬಂದಿದ್ದಾರೆ. ಕಚೇರಿಗೋ ಮದುವೆ ಮಾತುಕತೆಗೋ ಫೋಟೊ ಆರಿಸಬೇಕಾಗಿದ್ದರೆ ಏಳೆಂಟನ್ನು ಮುಂದಿಟ್ಟು, ನಿಮ್ಮನ್ನು ಇತ್ತೀಚೆಗಷ್ಟೇ ಬಲ್ಲ ಇಬ್ಬರಿಗೆ ಆ ಕೆಲಸ ಒಪ್ಪಿಸಿ. ‘ಯಾವುದರಲ್ಲಿ ಚೆನ್ನಾಗಿದ್ದೇನೆ’ ಎಂದು ಕೇಳಬೇಡಿ, ‘ಯಾವುದು ನನ್ನ ಹಾಗಿದೆ’ ಎಂದು ಕೇಳಿ.

ಈ ಕ್ರಮಕ್ಕೆ ಮಿತಿಯೂ ಇದೆ. ಇದು ಚಿತ್ರದ ತಪ್ಪನ್ನು ತೆಗೆಯುತ್ತದೆಯೇ ಹೊರತು ಮುಖಕ್ಕೆ ಅಂಕ ಕೊಡುವುದಿಲ್ಲ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯ ಮುಂದೆಯೇ ಕಳೆಯುವುದು, ಬೇರೆ ಯಾರಿಗೂ ಕಾಣದ ಕುಂದಿಗಾಗಿ ಮನೆಯಿಂದ ಹೊರಗೆ ಬಾರದಿರುವುದು ಬೇರೆಯೇ ವಿಷಯ. ಅದು ದೇಹರೂಪದ ಬಗೆಗಿನ ಗೀಳಿನ ಕಾಯಿಲೆಯಾಗಿರಬಹುದು, ಅದಕ್ಕೆ ಮನೋವೈದ್ಯರಲ್ಲಿ ಚಿಕಿತ್ಸೆ ಇದೆ. ಇನ್ನು ಮೂಗನ್ನು ತಿದ್ದಿಸಿಕೊಳ್ಳಲೇಬೇಕೆಂದು ಹೊರಟವರು ಸೆಲ್ಫಿ ಹಿಡಿದುಕೊಂಡು ವೈದ್ಯರ ಬಳಿ ಹೋಗಬೇಡಿ. ಮೊದಲು 5 ಅಡಿ ದೂರದಿಂದ ತೆಗೆದ ಫೋಟೊದಲ್ಲಿ, ಕಿವಿಗಳೆರಡೂ ಕಾಣುವಂತೆ, ಆ ಮೂಗನ್ನು ಒಮ್ಮೆ ನೋಡಿ.